ಕ್ರಿಯೇಟಿನಿನ್ ಹೆಚ್ಚು ಬಂದಾಗ ಮೊದಲು ಮಾಡಬೇಕಾದದ್ದು

"ಅಣ್ಣಾ, ಹೊಸಬರಿಗೆ ಮಾತಾಡೋವಾಗ ಕ್ರಿಯೇಟಿನ್‌ನಿಂದ ಕಿಡ್ನಿ ಹಾಳಾಗಲ್ಲ ಅಂದಿದ್ರಿ. ನಾನು ಲೋಡಿಂಗ್ ಮಾಡ್ತಿದ್ದೀನಿ, ಇದು ಆರನೇ ದಿನ. ನಿನ್ನೆ ಬ್ಲಡ್ ಟೆಸ್ಟ್‌ನಲ್ಲಿ ಕ್ರಿಯೇಟಿನಿನ್ 1.4, ಇಜಿಎಫ್‌ಆರ್ 74 ಬಂದಿದೆ. ವಯಸ್ಸು 20. ರೂಮ್‌ಮೇಟ್ ಕಿಡ್ನಿ ಹೋಯ್ತು ಅಂತಾನೆ. ಬಿಟ್ಟುಬಿಡ್ಲಾ?"

ಸದ್ಯಕ್ಕೆ ಪುಡಿಯನ್ನು ನಿಲ್ಲಿಸಿ. ಕಿಡ್ನಿ ಕೆಟ್ಟಿದೆಯೆಂದು ನಿಲ್ಲಿಸಬೇಕಾಗಿಲ್ಲ, ಎರಡನೆಯ ಪರೀಕ್ಷೆಯ ಫಲಿತಾಂಶ ನಂಬುವಂತಿರಲಿ ಎಂದು ನಿಲ್ಲಿಸಿ. ಹೆಸರೇ ಹೇಳುವಂತೆ ಕ್ರಿಯೇಟಿನ್ ಒಡೆದು ಉಂಟಾಗುವುದೇ ಕ್ರಿಯೇಟಿನಿನ್. ಲೋಡಿಂಗ್ ಎಂದು, ಅಂದರೆ ಸ್ನಾಯುಗಳು ಬೇಗ ತುಂಬಲೆಂದು, ಮೊದಲ ವಾರ ದಿನಕ್ಕೆ 20 ಗ್ರಾಂ ನುಂಗುತ್ತಿರುವ ದೇಹದಲ್ಲಿ ಅದರ ಪ್ರಮಾಣ ಸ್ವಲ್ಪ ಏರುವುದು ಸಹಜ, ಆ ಏರಿಕೆಗೆ ಕಿಡ್ನಿಯ ತಪ್ಪು ಇರಲೇಬೇಕೆಂದಿಲ್ಲ. ನಿಮ್ಮ ರೂಮ್‌ಮೇಟ್ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತದೆಂದು ಅಂದಾಜಿಸುವ ಇಜಿಎಫ್‌ಆರ್‌ನ 74 ಎಂಬ ಸಂಖ್ಯೆಯನ್ನು ಎರಡನೆಯ ಸಾಕ್ಷಿಯೆಂದು ಎಣಿಸಿದಂತಿದೆ. ಅದು ಬೇರೆಯ ಸಾಕ್ಷಿಯಲ್ಲ. ಲ್ಯಾಬಿನವರು ಅದೇ 1.4 ಅನ್ನು ವಯಸ್ಸು ಮತ್ತು ಲಿಂಗದ ಜೊತೆ ಒಂದು ಸೂತ್ರಕ್ಕೆ ಹಾಕಿ ಲೆಕ್ಕಹಾಕಿರುತ್ತಾರೆ. ನೀವು ಪುಡಿ ತಿಂದಿರುವುದು ಆ ಸೂತ್ರಕ್ಕೆ ತಿಳಿಯುವುದಿಲ್ಲ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಹಿಂದಿನ ವರ್ಷ ನಮ್ಮ ಕ್ಲಬ್ಬಿನ ಬೆಳಗಾವಿ ಕಡೆಯ ಹುಡುಗನೊಬ್ಬನಿಗೆ ಹೀಗೆಯೇ 1.5 ಬಂದಿತ್ತು, ಸೂತ್ರದ ಪ್ರಕಾರ ಇಜಿಎಫ್‌ಆರ್ 68ರ ಆಸುಪಾಸು. ಆತ ಹಿಂದಿನ ಸಂಜೆ ಕಾಲಿನ ವ್ಯಾಯಾಮವನ್ನು ಮೈ ಮುರಿಯುವಷ್ಟು ಮಾಡಿ, ರಾತ್ರಿ ಎಫ್‌.ಸಿ. ರಸ್ತೆಯಲ್ಲಿ ಹೊಟ್ಟೆ ತುಂಬ ಚಿಕನ್ ತಿಂದು, ಬೆಳಿಗ್ಗೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟಿದ್ದ. ಕಠಿಣ ವ್ಯಾಯಾಮ, ಬೇಯಿಸಿದ ಮಾಂಸ, ಲೋಡಿಂಗ್ ಮೂರೂ ಆ ಸಂಖ್ಯೆಯನ್ನು ಮೇಲಕ್ಕೆ ತಳ್ಳುವಂಥವು. ವರದಿ ಕಂಡ ಕೂಡಲೇ ಹೆದರಿ ಮೆಸ್ಸಿನ ಬೇಳೆ, ಮೊಟ್ಟೆ, ಪನೀರ್ ಎಲ್ಲವನ್ನೂ ಬಿಟ್ಟ; ಆದರೆ ಮೊಣಕಾಲಿನ ನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಾನೇ ತಂದು ದಿನಾ ನುಂಗುತ್ತಿದ್ದ ಡಿಕ್ಲೋಫೆನಾಕ್ ಮಾತ್ರೆಯನ್ನು ಬಿಡಲಿಲ್ಲ! ಕಿಡ್ನಿಗೆ ನಿಜವಾಗಿಯೂ ತೊಂದರೆ ಕೊಡಬಲ್ಲದ್ದು ಆ ಪಟ್ಟಿಯಲ್ಲಿ ಅದೊಂದೇ. ಡಬ್ಬಿಯನ್ನು ಬೈಯುವ ಮೊದಲು ನೀವೂ ನಿಮ್ಮ ಮಾತ್ರೆಗಳ ಚೀಲವನ್ನು ಒಮ್ಮೆ ನೋಡಿಕೊಳ್ಳಿ.

ಆತನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕ್ರಿಯೇಟಿನ್ ನಿಲ್ಲಿಸಿದ ಮೇಲೆ ಮೂರ್ನಾಲ್ಕು ವಾರ ಬಿಡಿ, ಏಕೆಂದರೆ ಸ್ನಾಯುಗಳಲ್ಲಿ ತುಂಬಿಕೊಂಡದ್ದು ಒಂದೇ ದಿನದಲ್ಲಿ ಇಳಿಯುವುದಿಲ್ಲ. ರಕ್ತ ಕೊಡುವ ಹಿಂದಿನ ಎರಡು ಮೂರು ದಿನ ಭಾರ ಎತ್ತಬೇಡಿ, ಹಿಂದಿನ ದಿನ ಮಾಂಸ ಬೇಡ, ನೀರು ಎಂದಿನಂತೆ ಕುಡಿಯಿರಿ. ಅದೇ ಲ್ಯಾಬಿಗೆ ಹೋಗಿ, ಕ್ರಿಯೇಟಿನಿನ್ ಜೊತೆಗೆ ಕಿಡ್ನಿಯ ಕೆಲಸ ಅಳೆಯುವ ಮತ್ತೊಂದು ರಕ್ತಪರೀಕ್ಷೆಯಾದ ಸಿಸ್ಟಾಟಿನ್ ಸಿ ಮತ್ತು ಮೂತ್ರದ ಆಲ್ಬುಮಿನ್-ಕ್ರಿಯೇಟಿನಿನ್ ಅನುಪಾತ ಎರಡನ್ನೂ ಕೇಳಿ. ಸಿಸ್ಟಾಟಿನ್ ಸಿ ಕ್ರಿಯೇಟಿನ್ ಪುಡಿಯಿಂದ ಏರುವುದಿಲ್ಲ, ಸ್ನಾಯುವಿನ ಗಾತ್ರವೂ ಅದನ್ನು ಅಷ್ಟಾಗಿ ಬಾಧಿಸುವುದಿಲ್ಲ; ಥೈರಾಯ್ಡ್ ತೊಂದರೆ ಇದ್ದರೆ ಅಥವಾ ಸ್ಟಿರಾಯ್ಡ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದೂ ದಾರಿ ತಪ್ಪಿಸಬಹುದು. ಸಣ್ಣ ಲ್ಯಾಬುಗಳಲ್ಲಿ ಅದು ಸಿಗದೆ ಇರಬಹುದು, ಸಿಕ್ಕರೂ ದುಬಾರಿ. ಮೂತ್ರದ ಅನುಪಾತ ಗ್ರಾಂಗೆ 30 ಮಿಲಿಗ್ರಾಂನ ಒಳಗಿರಬೇಕು. ಜೋರಾದ ವ್ಯಾಯಾಮದ ಮರುದಿನ ಅದೂ ತಾತ್ಕಾಲಿಕವಾಗಿ ಏರುವುದರಿಂದ ಆ ವಿಶ್ರಾಂತಿ ಅದಕ್ಕೂ ಬೇಕು. ಆ ಹುಡುಗ ಹೀಗೆ ಮಾಡಿ, ಮಾತ್ರೆಯನ್ನೂ ಬಿಟ್ಟು ಹೋದಾಗ 1.1 ಬಂತು. ಇಜಿಎಫ್‌ಆರ್ 98ರ ಹತ್ತಿರಕ್ಕೆ ಬಂತು. ಪುಡಿ, ಚಿಕನ್, ಮಾತ್ರೆ, ವ್ಯಾಯಾಮ ಎಲ್ಲವನ್ನೂ ಒಟ್ಟಿಗೆ ಬಿಟ್ಟದ್ದರಿಂದ ಯಾವುದರ ಪಾಲು ಎಷ್ಟೆಂದು ಈಗ ಯಾರೂ ಹೇಳಲಾರರು.

ನಿಮ್ಮ ಸಂಖ್ಯೆಯೂ ಹಾಗೆಯೇ ಇಳಿಯುತ್ತದೆಂದು ನಾನು ಭರವಸೆ ಕೊಡುವುದಿಲ್ಲ. ಇಳಿಯದಿದ್ದರೆ ಅಥವಾ ಮೂತ್ರದಲ್ಲಿ ಆಲ್ಬುಮಿನ್ ಕಂಡರೆ ಗುಂಪಿನಲ್ಲಿ ಕೇಳುತ್ತ ಕೂರದೆ ಎರಡೂ ವರದಿಗಳೊಂದಿಗೆ ಡಬ್ಬಿಯನ್ನೂ ವೈದ್ಯರ ಬಳಿಗೆ ಒಯ್ಯಿರಿ. ಕಾಲು ಊದಿದರೆ ಅಥವಾ ರಕ್ತದೊತ್ತಡ ಹೆಚ್ಚಿದ್ದರೆ ಮೂರು ವಾರ ಕಾಯಬೇಡಿ. ವಿಪರೀತ ವ್ಯಾಯಾಮದ ಬಳಿಕ ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿ ಸ್ನಾಯುಗಳು ಕಲ್ಲಿನಂತೆ ಬಿಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಗುಂಪಿನಲ್ಲಿ ಗೆಳೆಯರೊಬ್ಬರು ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿದು ಕ್ರಿಯೇಟಿನಿನ್ ತೊಳೆದುಬಿಡಿ ಎಂದಿದ್ದಾರೆ. ಅವರ ಮಾತು ಅರ್ಧ ಸರಿ: ಬಾಯಾರಿ, ಒಣಗಿದ ದೇಹದಿಂದ ತೆಗೆದ ರಕ್ತದಲ್ಲಿ ಆ ಸಂಖ್ಯೆ ಏರುವುದುಂಟು. ಆದರೆ ಪುಡಿ ತಿನ್ನುತ್ತಲೇ ಬಾಟಲಿಗಟ್ಟಲೆ ನೀರು ಸುರಿದುಕೊಂಡರೆ ಅದು ಇಳಿಯುವುದಿಲ್ಲ. ಮೊದಲ ವಾರದಲ್ಲಿ ಒಂದೆರಡು ಕಿಲೋ ತೂಕ ಹೆಚ್ಚುವುದು ಸ್ನಾಯುಗಳೊಳಗೆ ಸೇರಿದ ನೀರು. ಅದನ್ನು ಕಿಡ್ನಿಯ ಊತವೆಂದು ತಿಳಿಯಬೇಡಿ, ಕೊಬ್ಬೆಂದೂ ತಿಳಿಯಬೇಡಿ.

ಮತ್ತೆ ಶುರುಮಾಡುವುದಾದರೆ ಲೋಡಿಂಗ್ ಬಿಟ್ಟುಬಿಡಿ. ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೂ ಮೂರ್ನಾಲ್ಕು ವಾರಗಳಲ್ಲಿ ಸ್ನಾಯುಗಳು ಅಷ್ಟೇ ತುಂಬುತ್ತವೆ, ಅವಸರ ಯಾರಿಗೆ? ಲೋಡಿಂಗ್ ಕಡ್ಡಾಯವೆಂದು ಹೇಳುವ ಅಂಗಡಿಯವರ ಲೆಕ್ಕ ಬೇರೆ: 250 ಗ್ರಾಂ ಡಬ್ಬಿ 3 ಗ್ರಾಂನಂತೆ ಎಂಬತ್ತು ದಿನಗಳಿಗೂ ಮೇಲೆ ಬರುತ್ತದೆ, 20 ಗ್ರಾಂನಂತೆ ಒಂದೇ ವಾರಕ್ಕೆ 140 ಗ್ರಾಂ ಖಾಲಿ. ಸ್ಕೂಪನ್ನು ಗೋಪುರದಂತೆ ತುಂಬುವ ಅಭ್ಯಾಸವನ್ನೂ ಬಿಡಿ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿದರೆ ನಿಮ್ಮ '3 ಗ್ರಾಂ' ಎಷ್ಟಿದೆಯೆಂದು ತಿಳಿಯುತ್ತದೆ. ಕ್ರಿಯೇಟಿನ್ ಮೊನೊಹೈಡ್ರೇಟ್ ತಣ್ಣೀರಿನಲ್ಲಿ ಪೂರ್ತಿ ಕರಗದೆ ಶೇಕರಿನ ತಳದಲ್ಲಿ ಸಣ್ಣ ಮರಳಿನಂತೆ ನಿಲ್ಲುತ್ತದೆ. ಅದನ್ನು ಚೆಲ್ಲಬೇಡಿ, ಸ್ವಲ್ಪ ಬೆಚ್ಚಗಿನ ನೀರು ಹಾಕಿ ಅಲ್ಲಾಡಿಸಿ ಕುಡಿಯಿರಿ. ಬೆಳಿಗ್ಗೆ ಕಲಸಿ ಮರುದಿನಕ್ಕೂ ಇಡಬೇಡಿ, ನೀರಿನಲ್ಲಿ ಅದು ನಿಧಾನವಾಗಿ ಕ್ರಿಯೇಟಿನಿನ್ ಆಗುತ್ತ ಹೋಗುತ್ತದೆ.

ಬ್ರ್ಯಾಂಡಿನ ಪ್ರಶ್ನೆ ಹೇಗೂ ಬರುತ್ತದೆ. ಯಾವ ಸುವಾಸನೆಯೂ ಇಲ್ಲದ ಸಾದಾ ಮೊನೊಹೈಡ್ರೇಟ್ ಸಾಕು. ಜರ್ಮನಿಯ ಕ್ರಿಯಾಪ್ಯೂರ್ ಒಳ್ಳೆಯ ಸರಕೇ. ಆದರೆ ಹಾಸ್ಟೆಲ್ ಹುಡುಗರು ಅದಕ್ಕಾಗಿ ಎರಡು ಪಟ್ಟು ಕೊಡಬೇಕೆಂದು ನನಗೆ ಅನಿಸುವುದಿಲ್ಲ. ಕ್ರಿಯೇಟಿನ್ ಎಚ್‌ಸಿಎಲ್ ಹೆಚ್ಚು ಶಕ್ತಿ ಕೊಡುತ್ತದೆ ಎಂಬ ಮಾತಿಗೆ ತಕ್ಕ ಆಧಾರವಿಲ್ಲ; ಈಥೈಲ್ ಎಸ್ಟರ್ ಅಂತೂ ಹೊಟ್ಟೆಯಲ್ಲೇ ಬಹುಮಟ್ಟಿಗೆ ಕ್ರಿಯೇಟಿನಿನ್ ಆಗಿಬಿಡುತ್ತದೆ. ಲೇಬಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳಿಲ್ಲದ ಡಬ್ಬಿಯನ್ನು ಮುಟ್ಟಬೇಡಿ. ಆ ಸಂಖ್ಯೆ ಶುದ್ಧತೆಗೆ ಖಾತರಿಯಲ್ಲ, ತಯಾರಕರನ್ನು ಹುಡುಕಲು ಒಂದು ಎಳೆ ಮಾತ್ರ.

ಮತ್ತೊಬ್ಬರು ಡಯಾಲಿಸಿಸ್‌ನಲ್ಲಿರುವ ತಮ್ಮ ತಂದೆಯವರಿಗೆ ನಿಶ್ಶಕ್ತಿಗೆಂದು ಇದನ್ನು ಕೊಡಬಹುದೇ ಎಂದು ಕೇಳಿದ್ದಾರೆ. ದಯವಿಟ್ಟು ಕೊಡಬೇಡಿ. ನಾನು ಕ್ಲಬ್ಬಿನಲ್ಲಿ ಹೇಳಿದ್ದು ಆರೋಗ್ಯವಂತ ಕಿಡ್ನಿಯಿರುವ ಹುಡುಗ ಹುಡುಗಿಯರ ಕುರಿತು, ಮೊದಲೇ ಕಿಡ್ನಿಯ ಕಾಯಿಲೆಯಿರುವವರಿಗೆ ಅದು ಅನ್ವಯಿಸುವುದಿಲ್ಲ. ಅವರ ನಿಶ್ಶಕ್ತಿಗೆ ರಕ್ತಹೀನತೆಯಿಂದ ಹಿಡಿದು ಹಲವು ಕಾರಣಗಳಿರಬಹುದು, ಮುಂದಿನ ಭೇಟಿಯಲ್ಲಿ ನೆಫ್ರಾಲಜಿಸ್ಟ್ ಅವರನ್ನೇ ಕೇಳಿ.