ಜಾಕೆಟ್ ಅಂಟಿಸಿದ ಹಾಗೆ ಕಾಣ್ತಿದ್ರೆ ನೆರಳು ಎಲ್ಲಿ ಕೊಡಬೇಕು?

«ಅಪ್ಪನ ಫೋಟೋದಲ್ಲಿ ಬಿಳಿ ಅಂಗಿ ಮೇಲೆ ಫೋಟೋಶಾಪ್ ಜನರೇಟಿವ್ ಫಿಲ್‌ನಿಂದ ನೀಲಿ ಜಾಕೆಟ್ ಹಾಕಿಸಿದೆ. ಬಣ್ಣ ಸರಿ ಇದೆ, ಆದ್ರೂ ಅಂಟಿಸಿದ ಹಾಗೆ ಕಾಣುತ್ತೆ. ನೆರಳು ಎಲ್ಲಿ ಕೊಡಬೇಕು?»

ನೆರಳಿಗಿಂತ ಮೊದಲು ಬಟ್ಟೆಯ ಮಡಿಕೆ ನೋಡಿ. ನಿಮ್ಮ ಫೋಟೋದಲ್ಲಿ ಮೂಗಿನ ನೆರಳು ಬಲಗಡೆಗೆ ಬಿದ್ದಿದೆ, ಅಂದ್ರೆ ಬಿಸಿಲು ಎಡಗಡೆಯಿಂದ. ಆದರೆ ಜಾಕೆಟ್‌ನಲ್ಲಿ ಹೊಳೀತಿರೋದು ಫೋಟೋದ ಬಲಗಡೆಯ ಭುಜ. ಮೇಲೆ ಒಬ್ಬರು Brightness ಇಳಿಸಿ ಅಂದಿದ್ದಾರೆ. ಅದರಿಂದ ಒಟ್ಟು ಹೊಳಪು ಹೊಂದುತ್ತೆ ನಿಜ, ಆದರೆ ಮಡಿಕೆಗಳ ದಿಕ್ಕು ಬದಲಾಗಲ್ಲ. ಜಾಕೆಟ್ ಅನ್ನು ಎಡಬಲ ತಿರುಗಿಸಿದರೆ ಗುಂಡಿ ಪಟ್ಟಿಯೂ ತಿರುಗಿ, ಹೆಂಗಸರ ಜಾಕೆಟ್ ಥರ ಆಗುತ್ತೆ. ಇನ್ನೊಮ್ಮೆ ಜನರೇಟ್ ಮಾಡೋದೇ ವಾಸಿ. ಬಿಸಿಲು ಎಡದಿಂದ ಅಂತ ಬರೆದು, ಬಂದವುಗಳಲ್ಲಿ ಫೋಟೋದ ಎಡಗಡೆಯ ಭುಜ ಹೊಳೆಯೋದನ್ನು ಆರಿಸಿ. ಬಣ್ಣ ಆಮೇಲೆ ತಿದ್ದಬಹುದು.

ಈಗ ನೆರಳು. ಜಾಕೆಟ್ ಲೇಯರ್‌ನ ಕಣ್ಣು ಆಫ್ ಮಾಡಿ. ಕೆಳಗಿನ ಹಳೇ ಅಂಗಿ ಮೇಲೆ ಗದ್ದದ ನೆರಳು ಇದೆ ಅಲ್ವಾ? ಜಾಕೆಟ್ ಬಂದಾಗ ಮುಚ್ಚಿಹೋಗಿದ್ದು ಅದೇ. ಕುತ್ತಿಗೆ ಮೇಲಿನ ನೆರಳು ಕಾಲರ್ ಹತ್ತಿರ ಕತ್ತರಿಸಿದ ಹಾಗೆ ನಿಲ್ಲುತ್ತೆ, ಕಣ್ಣಿಗೆ ಚುಚ್ಚೋದು ಅದು. ಅಂಗಿ ಮೇಲಿನ ಆ ನೆರಳಿನ ಆಕಾರಕ್ಕೆ ಲ್ಯಾಸೋ ಹಾಕಿ, ಜಾಕೆಟ್ ಲೇಯರ್ ಮತ್ತೆ ಆನ್ ಮಾಡಿ. ಜಾಕೆಟ್ ದಪ್ಪ ಇರೋದರಿಂದ ಗದ್ದಕ್ಕೆ ಹತ್ತಿರ ಬರುತ್ತೆ, ಹಾಗಾಗಿ ನೆರಳನ್ನು ಸ್ವಲ್ಪ ಮೇಲಕ್ಕೆ ಸರಿಸಿ.

ಎಷ್ಟು ಕಪ್ಪು? ಅಪ್ಪ ಬಿಳಿ ಪಂಚೆ ಉಟ್ಟಿದ್ದಾರೆ, ಅದೇ ನಿಮ್ಮ ಅಳತೆ. 0 ಕಪ್ಪು, 255 ಬಿಳಿ ಅನ್ನೋ ಲೆಕ್ಕದಲ್ಲಿ ಬಿಸಿಲಲ್ಲಿರೋ ಪಂಚೆ 235ರ ಆಸುಪಾಸು, ಅದರ ನೆರಳು 120 ಇದ್ದರೆ, ನೆರಳು ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸ್ತಿದೆ. ಜಾಕೆಟ್‌ನ 90 ಕೂಡ 45ರ ಹತ್ತಿರ ಬರಬೇಕು. ಪಂಚೆಯ ನೆರಳಿನಿಂದಲೇ ಬಣ್ಣ ಎತ್ತಿಕೊಂಡು, ಜಾಕೆಟ್ ಮೇಲೆ ಒಂದು Multiply ಲೇಯರ್‌ನಲ್ಲಿ ತುಂಬಿ. ಆಕಾಶದ ನೀಲಿಯೂ ಅದರ ಜೊತೆಗೇ ಬರುತ್ತೆ. ಬರೀ ಕಪ್ಪು ಬ್ರಷ್ ಬೇಡ, ಮಸಿ ಬಳಿದ ಹಾಗಾಗುತ್ತೆ. ಮಡಿಕೆಯ ಒಳಗೆ ಆಗಲೇ ನೆರಳಿರೋ ಜಾಗವನ್ನು ಮಾಸ್ಕ್‌ನಿಂದ ಬಿಟ್ಟುಬಿಡಿ. ಬಿಸಿಲು ಮೊದಲೇ ತಾಗದ ಜಾಗ ಇನ್ನೊಂದು ನೆರಳು ಬಿದ್ದರೆ ಕಪ್ಪಾಗಲ್ಲ. ಅಲ್ಲಿ ಎರಡು ಸಲ ಕಪ್ಪಾದರೆ ಕೊಳೆ ಹತ್ತಿದ ಹಾಗೆ ಕಾಣುತ್ತೆ.

ಪಾಸ್‌ಪೋರ್ಟ್ ಫೋಟೋಗೆ ಕೋಟು ಹಾಕಿದಾಗ ಇಷ್ಟೆಲ್ಲ ಬೇಕಾಗಲಿಲ್ಲ ಅಂದ ಅಣ್ಣ, ನೀವು ಹೇಳಿದ್ದು ನಿಮ್ಮ ಫೋಟೋಗೆ ಸರಿ. ಸ್ಟುಡಿಯೋದಲ್ಲಿ ಎರಡೂ ಕಡೆ ಲೈಟ್ ಇರುತ್ತೆ, ನೆರಳಿನ ಅಂಚು ಕರಗಿರುತ್ತೆ. ಇಲ್ಲಿ ನೇರ ಬಿಸಿಲು, ಗದ್ದದ ನೆರಳಿನ ಅಂಚು ಚೊಕ್ಕವಾಗಿರಬೇಕು. Gaussian Blur ಒಂದೆರಡು ಪಿಕ್ಸೆಲ್‌ನಿಂದ ಶುರು ಮಾಡಿ, ಕುತ್ತಿಗೆ ಮೇಲಿನ ಅಂಚಿನ ಪಕ್ಕ ಇಟ್ಟು ಹೋಲಿಸಿ.

ಜಾಕೆಟ್‌ನ ನೆರಳೂ ಮೈಮೇಲೆ ಬೀಳಬೇಕು, ಇದನ್ನು ಯಾರೂ ಹೇಳಲಿಲ್ಲ. ತೋಳಿನ ತುದಿಯ ಕೆಳಗೆ ಮಣಿಕಟ್ಟಿನ ಮೇಲೆ ತೆಳ್ಳಗೆ ಒಂದು ಗೆರೆ, ಜಾಕೆಟ್ ಅಂಚಿನ ಕೆಳಗೆ ಪಂಚೆ ಮೇಲೆ ಒಂದು ಪಟ್ಟಿ, ಎರಡೂ ಬಲಕ್ಕೆ ವಾಲಿರಲಿ. ಪಂಚೆ ಮೇಲಿನದಕ್ಕೆ ಅದೇ ಬಣ್ಣ ಸಾಕು. ಚರ್ಮದ ಮೇಲೆ ಅದು ಬೂದಿ ಬಣ್ಣಕ್ಕೆ ತಿರುಗಬಹುದು. ನಾನು ಅಲ್ಲಿ ಸ್ವಲ್ಪ ಕೆಂಪು ಸೇರಿಸ್ತೀನಿ, ಬೇರೆಯವರು ಏನು ಮಾಡ್ತೀರಿ ಹೇಳಿ.