ಯಂತ್ರ ಬರೆದ ಜಾಹೀರಾತು ನಮ್ಮ ಮಾತಿನ ಹಾಗೆ ಕೇಳಿಸಬೇಕಾದರೆ

ಪ್ರಶ್ನೆ: ನಮ್ಮದು ಸಣ್ಣ ಮನೆ ಉದ್ಯಮ. ವಾಟ್ಸಾಪ್‌ಗೆ ಮತ್ತು ವೆಬ್‌ಸೈಟ್‌ಗೆ ಬೇಕಾದ ಜಾಹೀರಾತಿನ ಬರಹವನ್ನು ಎಐ ಕೈಲಿ ಬರೆಸಿದೆ. ತಪ್ಪೇನೂ ಇಲ್ಲ, ಆದರೆ ಓದಿದರೆ ಯಾವುದೋ ರೋಬೋಟ್ ಮಾತಾಡಿದ ಹಾಗಿದೆ. ಪದಗಳನ್ನು ಬದಲಿಸಿ ನೋಡಿದೆ, ಸರಿಹೋಗಲಿಲ್ಲ. ಏನು ಮಾಡಬೇಕು?

ಉತ್ತರ:

ಪದ ಬದಲಿಸಿದರೆ ಸರಿಹೋಗುವುದಿಲ್ಲ, ಯಾಕೆಂದರೆ ಅಲ್ಲಿ ಕಮ್ಮಿ ಇರುವುದು ಪದ ಅಲ್ಲ, ಸಂಗತಿ. ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಅಂತ ಯಂತ್ರಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಜಾಗವನ್ನೆಲ್ಲ ಅದು ಯಾರಿಗೆ ಬೇಕಾದರೂ ಹೊಂದುವ ಮಾತಿನಿಂದ ತುಂಬುತ್ತದೆ. ಸಣ್ಣ ಅಂಗಡಿಗಳಿಗೆ, ಮನೆಯಲ್ಲೇ ಮಾಡಿ ಮಾರುವವರಿಗೆ ಬರೆದುಕೊಡುವುದು ನನ್ನ ಕೆಲಸ. ಈಚೆಗೆ ನನ್ನ ಹತ್ತಿರ ಬರುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥದ್ದೇ. ಒಂದನ್ನು ಪೂರ್ತಿ ಹೇಳುತ್ತೇನೆ, ನಿಮ್ಮದಕ್ಕೆ ಹೊಂದಿಸಿಕೊಳ್ಳಿ.

ಪಾವಗಡದ ಕಡೆ ಗಂಡ ಹೆಂಡತಿ ಸೇರಿ ಮರದ ಗಾಣ ನಡೆಸುತ್ತಾರೆ. ಕಡಲೆಕಾಯಿ ಎಣ್ಣೆ ತೆಗೆದು ಬೆಂಗಳೂರಿಗೂ ಕಳಿಸುತ್ತಾರೆ. ಅವರ ಮಗ ಎಐಯಲ್ಲಿ ಬರೆಸಿ ನನಗೆ ಕಳಿಸಿದ್ದು ಇದು:

"ಇಂದಿನ ವೇಗದ ಜೀವನಶೈಲಿಯಲ್ಲಿ, ಆರೋಗ್ಯಕರ ಅಡುಗೆ ಎಣ್ಣೆಯನ್ನು ಆಯ್ಕೆ ಮಾಡುವುದು ಹಿಂದೆಂದಿಗಿಂತಲೂ ಮುಖ್ಯವಾಗಿದೆ. ಮೂರು ತಲೆಮಾರುಗಳ ಪರಂಪರೆಯನ್ನು ಹೊಂದಿರುವ ನಮ್ಮ ಕಡಲೆಕಾಯಿ ಎಣ್ಣೆಯು ಕೇವಲ ಒಂದು ಎಣ್ಣೆಯಲ್ಲ, ಅದು ಸಂಪ್ರದಾಯ ಮತ್ತು ಪರಿಶುದ್ಧತೆಯ ಸಂಗಮವಾಗಿದೆ. ಅತ್ಯುತ್ತಮ ಗುಣಮಟ್ಟದ ಬೀಜಗಳಿಂದ ತಯಾರಿಸಲ್ಪಟ್ಟ ಇದು ನಿಮ್ಮ ಅಡುಗೆಗೆ ರುಚಿ, ಪರಿಮಳ ಮತ್ತು ಪೋಷಣೆಯನ್ನು ನೀಡುತ್ತದೆ. ಇಂದೇ ನಿಮ್ಮ ಆರೋಗ್ಯದ ಪಯಣವನ್ನು ಆರಂಭಿಸಿ!"

ಮೊದಲು ನಾನು ಮಾಡುವುದು ಒಂದು ಸುಲಭದ ಪರೀಕ್ಷೆ. "ಕಡಲೆಕಾಯಿ ಎಣ್ಣೆ" ಇರುವ ಕಡೆ "ಜೇನುತುಪ್ಪ" ಅಂತ ಹಾಕಿ ಓದುತ್ತೇನೆ. ಆಮೇಲೆ "ರಾಗಿ ಮಾಲ್ಟ್" ಅಂತ ಹಾಕುತ್ತೇನೆ. ವಾಕ್ಯ ಆಗಲೂ ಸರಿಯಾಗಿಯೇ ಇದ್ದರೆ ಅದು ಎಣ್ಣೆಯ ಬಗ್ಗೆ ಏನೂ ಹೇಳುತ್ತಿಲ್ಲ ಅಂತ ಅರ್ಥ. ಅದನ್ನು ತಿದ್ದಲು ಹೋಗುವುದಿಲ್ಲ, ಹೊಡೆದು ಹಾಕುತ್ತೇನೆ. ಮೇಲಿನ ಬರಹದಲ್ಲಿ ಈ ಪರೀಕ್ಷೆ ಮುಗಿದ ಮೇಲೆ "ಬೀಜಗಳಿಂದ" ಅನ್ನುವ ಪದ ಒಂದನ್ನು ಬಿಟ್ಟರೆ ಏನೂ ಉಳಿಯಲಿಲ್ಲ. ನಿಮ್ಮದರಲ್ಲೂ ಬಹುಪಾಲು ಹೋಗಬಹುದು, ಗಾಬರಿಯಾಗಬೇಡಿ.

ಕನ್ನಡದಲ್ಲಿ ಯಂತ್ರದ ವಾಸನೆ ಬರಲು ಇನ್ನೊಂದು ಕಾರಣ ಇದೆ. ಮೇಲಿನ ವಾಕ್ಯಗಳು ಕನ್ನಡ ಅಕ್ಷರದಲ್ಲಿವೆ, ಒಳಗಿನ ಮೂಳೆ ಇಂಗ್ಲಿಷಿನದು. "ಕೇವಲ ಒಂದು ಎಣ್ಣೆಯಲ್ಲ" ಅನ್ನುವಲ್ಲಿ ಆ "ಒಂದು" ನಮಗೆ ಬೇಡ. "ತಯಾರಿಸಲ್ಪಟ್ಟ" ಅಂತ ಯಾರೂ ಮಾತಾಡುವುದಿಲ್ಲ, "ಮಾಡಿದ" ಅನ್ನುತ್ತೇವೆ. "ಪರಂಪರೆಯನ್ನು ಹೊಂದಿರುವ" ಕೂಡ ಹಾಗೇ. "ರುಚಿ, ಪರಿಮಳ ಮತ್ತು ಪೋಷಣೆ" ಅಂತ ಮೂರು ಮೂರಾಗಿ ಜೋಡಿಸುವ ಚಾಳಿಯನ್ನೂ ನೋಡಿ. ಇದ್ದದ್ದು ಎರಡೇ ಆದರೂ ಮೂರನೆಯದನ್ನು ಎಳೆದು ತರುತ್ತದೆ. ಇವನ್ನು ಗುರುತಿಸುವುದು ಒಳ್ಳೆಯದೇ. ಆದರೆ ಇವನ್ನಷ್ಟೇ ತೆಗೆದರೆ ನುಣುಪಾದ ಖಾಲಿ ಬರಹ ಸಿಗುತ್ತದೆ. ನಿಮಗೆ ಆಗಿರುವುದು ಅದೇ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಸಂಗತಿ ಎಲ್ಲಿಂದ ತರುವುದು? ಮಾಡುವವರ ಬಾಯಿಂದಲೇ. ನಾನು ಆ ಅಮ್ಮನಿಗೆ ಫೋನ್ ಮಾಡಿದೆ, ಅವರನ್ನು ಕೇಳಿಯೇ ರೆಕಾರ್ಡ್ ಮಾಡಿಕೊಂಡೆ. "ನಿಮ್ಮ ಎಣ್ಣೆಯ ವಿಶೇಷ ಏನು?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಅವರೂ ಎಐ ಥರವೇ "ಶುದ್ಧವಾಗಿದೆ, ಆರೋಗ್ಯಕ್ಕೆ ಒಳ್ಳೇದು" ಅಂದುಬಿಡುತ್ತಾರೆ. ನಾನು ಕೇಳಿದ್ದು ಎರಡೇ ಪ್ರಶ್ನೆ. "ನಿನ್ನೆ ಬೆಳಗ್ಗೆಯಿಂದ ಏನೇನು ಮಾಡಿದಿರಿ?" ಮತ್ತೆ "ಗಿರಾಕಿಗಳು ಏನಂತ ದೂರುತ್ತಾರೆ?"

ಎರಡನೇ ಪ್ರಶ್ನೆಯಿಂದ ಸಿಕ್ಕಿದ್ದೇ ಜಾಸ್ತಿ. "ಬೋಂಡ ಹಾಕಿದ್ರೆ ನೊರೆ ಉಕ್ಕುತ್ತೆ ಅಂತಾರೆ. ಬಾಟಲಿ ತಳದಲ್ಲಿ ಮಡ್ಡಿ ಇದೆ, ಕಲಬೆರಕೆನಾ ಅಂತಾರೆ. ಅಂಗಡಿ ಎಣ್ಣೆಗಿಂತ ಯಾಕೆ ಇಷ್ಟು ರೇಟು ಅಂತಾರೆ." ಈ ಮೂರೂ ದೂರಿಗೆ ಅವರ ಹತ್ತಿರ ಉತ್ತರ ಇತ್ತು. ಗಾಣದ ಎಣ್ಣೆಯನ್ನು ರಿಫೈನ್ ಮಾಡುವುದಿಲ್ಲ. ಹಾಗಾಗಿ ಬೀಜದ ಅಂಟಿನ ಅಂಶ ಎಣ್ಣೆಯಲ್ಲೇ ಉಳಿಯುತ್ತದೆ. ಕಾಯಿಸಿ ಕರಿದಾಗ ನೊರೆ ಬರುವುದು ಹೆಚ್ಚಾಗಿ ಅದರಿಂದ. ಮಡ್ಡಿ ಅಂದರೆ ನುಣ್ಣಗಾದ ಬೀಜದ ಪುಡಿ, ಬಟ್ಟೆಯಲ್ಲಿ ಸೋಸಿದರೂ ಸ್ವಲ್ಪ ಇಳಿದೇ ಇಳಿಯುತ್ತದೆ. ಇನ್ನು ರೇಟು. ಒಂದು ಲೀಟರಿಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಗಾಣಕ್ಕೆ ಒಂದು ಸಲಕ್ಕೆ 15 ಕೆಜಿ ಹಾಕುತ್ತಾರೆ, ಆರು ಲೀಟರ್ ಸಿಗುತ್ತದೆ. ಉಳಿದ ಹಿಂಡಿ ದನಕ್ಕೆ. ದೊಡ್ಡ ಕಾರ್ಖಾನೆಯಲ್ಲಾದರೆ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನೂ ರಾಸಾಯನಿಕ ದ್ರಾವಕ ಹಾಕಿ ತೆಗೆಯುತ್ತಾರೆ. ಗಾಣದಲ್ಲಿ ಅದು ಹಿಂಡಿಯ ಜೊತೆಗೇ ಹೋಗುತ್ತದೆ.

ನೋಡಿ, ಎಐ ಬರಹ ಈ ಮೂರನ್ನೂ ಮುಟ್ಟಲೇ ಇಲ್ಲ. ಅದು ಹೊಗಳುತ್ತದೆ. ಆದರೆ ಕೊಳ್ಳುವವರ ತಲೆಯಲ್ಲಿ ಇರುವುದು ಅನುಮಾನ, ಅದಕ್ಕೆ ಉತ್ತರ ಕೊಡುವ ವಾಕ್ಯ ತಾನಾಗೇ ನಿಮ್ಮದಾಗುತ್ತದೆ. ಯಾಕೆಂದರೆ ನೊರೆಯ ಬಗ್ಗೆ ಮೊದಲೇ ಎಚ್ಚರಿಸುವುದು ನೊರೆ ನೋಡಿದವರು ಮಾತ್ರ.

ಮೊದಲ ಪ್ರಶ್ನೆಯಿಂದ ಇನ್ನೊಂದು ಸಿಕ್ಕಿತು. ಬೆಳಗ್ಗೆ ಇಬ್ಬರು ಕೂತು ಮೊರದಲ್ಲಿ ಬೀಜ ಹಾಕಿಕೊಂಡು ಕಪ್ಪಾದದ್ದು, ಬೂಷ್ಟು ಹಿಡಿದದ್ದು, ಮುದುಡಿದ್ದು ಎಲ್ಲ ಆರಿಸಿ ತೆಗೆಯುತ್ತಾರೆ. ಇದನ್ನು ಅವರು ದೊಡ್ಡ ವಿಷಯ ಅಂದುಕೊಂಡಿರಲೇ ಇಲ್ಲ, ಮಾತಿನ ಮಧ್ಯೆ ಸುಮ್ನೆ ಹೇಳಿದರು. ನನಗೆ ಅದೇ ಮುಖ್ಯ ಅನ್ನಿಸಿತು. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ರಿಫೈನ್ ಮಾಡದ ಎಣ್ಣೆಗೆ ಮುಂದೆ ಅದನ್ನು ತೆಗೆಯುವ ಹಂತ ಇಲ್ಲ. ಹಾಗಾಗಿ ಬೀಜದಲ್ಲೇ ಆರಿಸಬೇಕು. "ಅತ್ಯುತ್ತಮ ಗುಣಮಟ್ಟದ ಬೀಜಗಳು" ಅನ್ನುವ ಮಾತಿನ ಹಿಂದೆ ಇರಬೇಕಾಗಿದ್ದ ನಿಜ ಇದು.

ಇಷ್ಟು ಸಿಕ್ಕಿದ ಮೇಲೆ ಬರೆಯುವುದು ಕಷ್ಟ ಆಗಲಿಲ್ಲ. ವಾಕ್ಯದ ಓಟಕ್ಕೆ ಅವರ ರೆಕಾರ್ಡಿಂಗನ್ನೇ ಕೇಳಿದೆ. ಅವರದು ಚಿಕ್ಕ ಚಿಕ್ಕ ವಾಕ್ಯ. ಮೊದಲು ಸಂಗತಿ ಹೇಳುತ್ತಾರೆ, ಆಮೇಲೆ ಕಾರಣ. ಹಾಗೇ ಬರೆದೆ:

"ಒಂದು ಲೀಟರ್ ಎಣ್ಣೆಗೆ ಎರಡೂವರೆ ಕೆಜಿ ಕಡಲೆಕಾಯಿ ಬೀಜ ಬೇಕು. ರೇಟು ಜಾಸ್ತಿ ಇರೋದು ಅದಕ್ಕೇ. ಕಪ್ಪಾದ ಬೀಜ, ಬೂಷ್ಟು ಹಿಡಿದ ಬೀಜ ಕೈಯಲ್ಲೇ ಆರಿಸಿ ತೆಗೀತೀವಿ. ಗಾಣದಿಂದ ಬಂದ ಎಣ್ಣೆ ಮೂರು ದಿನ ಸ್ಟೀಲ್ ಡ್ರಮ್ಮಿನಲ್ಲಿ ತಿಳಿಯಾಗಬೇಕು, ಆಮೇಲೆ ಬಟ್ಟೆಯಲ್ಲಿ ಸೋಸಿ ತುಂಬ್ತೀವಿ. ಆದರೂ ತಳದಲ್ಲಿ ಸ್ವಲ್ಪ ಮಡ್ಡಿ ಕಾಣುತ್ತೆ, ಅದು ಬೀಜದ ಪುಡಿ. ಕರಿಯುವಾಗ ನೊರೆ ಬರುತ್ತೆ, ಬಾಣಲೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಒಗ್ಗರಣೆಗೆ, ಚಿತ್ರಾನ್ನಕ್ಕೆ ಹಾಕಿದ್ರೆ ಹುರಿದ ಕಡಲೆಕಾಯಿ ಘಮ ಬರುತ್ತೆ. ಮೊದಲನೇ ಸಲ ತಗೊಳ್ಳೋರು ಅರ್ಧ ಲೀಟರ್ ತಗೊಂಡು ನೋಡಿ."

ಕೊನೆಯ ವಾಕ್ಯ ನನ್ನದಲ್ಲ, ಅವರದೇ. ಹೊಸ ಗಿರಾಕಿಗೆ ಅವರು ಹಾಗೇ ಹೇಳುತ್ತಾರಂತೆ. "ಇಂದೇ ನಿಮ್ಮ ಪಯಣ ಆರಂಭಿಸಿ" ಇದ್ದ ಜಾಗದಲ್ಲಿ ಅದು ಕೂತಿತು.

ಎಲ್ಲಿ ಎಡವುತ್ತಾರೆ ಅಂತಲೂ ಹೇಳಬೇಕು. ಬಹಳ ಜನ ಬರಹವನ್ನು ಮತ್ತೆ ಯಂತ್ರಕ್ಕೇ ಕೊಟ್ಟು "ಸಹಜವಾಗಿ ಬರೆ, ವಿವರ ಸೇರಿಸು" ಅನ್ನುತ್ತಾರೆ. ಆಗ ಅದು ವಿವರ ಹುಟ್ಟಿಸುತ್ತದೆ. ಮೇಲಿನ "ಮೂರು ತಲೆಮಾರು" ಹಾಗೆ ಬಂದದ್ದು. ಇವರು ಗಾಣ ಹಾಕಿದ್ದು 2019ರಲ್ಲಿ! ಮಗ ಅದನ್ನು ಗಮನಿಸಿರಲೇ ಇಲ್ಲ, ಓದಲು ಚೆನ್ನಾಗಿತ್ತಲ್ಲ. "ಹಳ್ಳಿ ಸೊಗಡು ಹಾಕು" ಅಂದರೆ ಅಜ್ಜಿ, ಒಲೆ, ಬಾಲ್ಯದ ನೆನಪು ಎಲ್ಲ ತುಂಬಿಕೊಂಡು ಬರುತ್ತದೆ. ಅದು ಮತ್ತೊಂದು ಥರದ ಸವಕಲು, ಅಷ್ಟೇ. ಯಂತ್ರವನ್ನು ಬಳಸಲೇಬೇಕು ಅಂದರೆ ನಿಮ್ಮ ರೆಕಾರ್ಡಿಂಗನ್ನು ಅಕ್ಷರಕ್ಕಿಳಿಸಿ ಕೊಡಿ. "ಇದರಲ್ಲಿ ಇಲ್ಲದ್ದನ್ನು ಸೇರಿಸಬೇಡ" ಅಂತ ಹೇಳಿ. ಆಮೇಲೆ ಪ್ರತಿ ಹೆಸರು, ಪ್ರತಿ ಅಂಕಿಯ ಮೇಲೆ ಬೆರಳಿಟ್ಟು, ಇದನ್ನು ಯಾರು ಹೇಳಿದರು ಅಂತ ನೋಡಿ. ಹೇಳಿದವರು ಸಿಗದಿದ್ದರೆ ಅದನ್ನು ತೆಗೆಯಿರಿ.

ತಿನ್ನುವ ವಸ್ತುವಾದರೆ ಇನ್ನೊಂದು ಎಚ್ಚರ ಬೇಕು. ಆಹಾರದ ಜಾಹೀರಾತಿಗೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ನಿಯಮ ಮಾಡಿದೆ. "ನೈಸರ್ಗಿಕ", "ಶುದ್ಧ", "ತಾಜಾ" ಥರದ ಪದಗಳನ್ನು ಯಾವಾಗ ಬಳಸಬಹುದು ಅನ್ನುವುದಕ್ಕೂ ಅದರಲ್ಲಿ ಷರತ್ತುಗಳಿವೆ. ಎಐ ಕಣ್ಣುಮುಚ್ಚಿ ಉದುರಿಸುವುದು ಇದೇ ಪದಗಳನ್ನು. "ಕೊಲೆಸ್ಟ್ರಾಲ್ ಇಲ್ಲ" ಅಂತ ಬರೆದಿದ್ದರೆ ಅದನ್ನೂ ತೆಗೆಯಿರಿ. ಯಾವ ಬೀಜದ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅದನ್ನು ನಿಮ್ಮ ಎಣ್ಣೆಯ ಹೆಗ್ಗಳಿಕೆ ಅಂತ ಹೇಳುವುದು ಸರಿಯಲ್ಲ, ಅಲ್ವಾ?

ಆದರೆ ಸಿಕ್ಕಿದ್ದನ್ನೆಲ್ಲ ತುಂಬಬೇಡಿ. ಹಿಂಡಿಯ ವಿಷಯ, 15 ಕೆಜಿಯ ಲೆಕ್ಕ ನನಗೆ ಬಹಳ ಇಷ್ಟವಾಗಿದ್ದವು, ಆದರೂ ಬಿಟ್ಟೆ. ರೇಟಿನ ಅನುಮಾನಕ್ಕೆ ಎರಡೂವರೆ ಕೆಜಿಯ ಮಾತೇ ಸಾಕಿತ್ತು, ಬೇರೆ ಯಾವ ಅನುಮಾನಕ್ಕೂ ಅವು ಉತ್ತರ ಆಗಿರಲಿಲ್ಲ.

ಕಡೆಗೆ, ಬರೆದದ್ದನ್ನು ಮಾಡುವವರಿಗೇ ಗಟ್ಟಿಯಾಗಿ ಓದಿ ಹೇಳಿ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಇದರಲ್ಲಿ ನೀವು ಹೇಳದೇ ಇರೋ ಮಾತು ಯಾವುದು?" ಅಂತ ಕೇಳಿ. ನಾನು ಫೋನಿನಲ್ಲಿ ಓದುತ್ತಿದ್ದಾಗ ಆ ಅಮ್ಮ "ಮೂರು ದಿನ" ಅನ್ನುವಲ್ಲಿ ತಡೆದರು. "ಬಿಸಿಲಿದ್ರೆ ಮೂರು ದಿನ ಕಣಪ್ಪ. ಮೋಡ ಹಾಕ್ಕೊಂಡು ಥಂಡಿ ಇದ್ರೆ ಮಡ್ಡಿ ಬೇಗ ಇಳಿಯಲ್ಲ, ಐದು ದಿನನೂ ಆಗುತ್ತೆ." ಆ ವಾಕ್ಯವನ್ನು "ಬಿಸಿಲಿದ್ದರೆ ಮೂರು ದಿನ, ಮೋಡ ಇದ್ದರೆ ಐದು ದಿನ" ಅಂತ ತಿದ್ದಿದೆವು. ಈಗ ಮಳೆಗಾಲದಲ್ಲಿ ಆರ್ಡರ್ ತಡವಾದರೆ ಗಿರಾಕಿಗಳೇ "ಮೋಡ ಇದೆಯೇನಮ್ಮಾ ನಿಮ್ಮ ಕಡೆ?" ಅಂತ ಮೆಸೇಜ್ ಹಾಕುತ್ತಾರಂತೆ.