ಅಜ್ಜಿಯ ಫೋಟೋಗೆ ಬಣ್ಣ ಹಚ್ಚಿದ ಹುಡುಗಿ

(ಮನೆಯವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಉಡುಪಿಯ ಹತ್ತಿರದ ಹಳ್ಳಿಯಿಂದ ತಾಯಿಯೊಬ್ಬರು ಮಗಳನ್ನು ನನ್ನ ಹತ್ತಿರ ಸಲಹೆಗೆ ಕರೆದುಕೊಂಡು ಬಂದರು. ಹುಡುಗಿಗೆ ಹದಿನೈದು ವರ್ಷ. ಎರಡು ವಾರದಿಂದ ಅಜ್ಜಿ ಜೊತೆ ಮಾತಿಲ್ಲ, ಅಜ್ಜಿಯ ಕೋಣೆಗೂ ಹೋಗ್ತಿಲ್ಲ. "ಜಗಳ ಎಂತದೂ ಆಗ್ಲಿಲ್ಲ ಮೇಡಂ, ಒಂದು ಫೋಟೋ ಅಷ್ಟೇ" ಅಂದರು ತಾಯಿ.

ಹುಡುಗಿ ಮೊಬೈಲ್ ತೆಗೆದು ತೋರಿಸಿದಳು. ಅಜ್ಜಿಗೆ ಹದಿನೆಂಟು ಇದ್ದಾಗ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು-ಬಿಳುಪು ಫೋಟೋ. ಅದೇ ಫೋಟೋಗೆ ಅವಳು ಆರು ಸಲ ಬಣ್ಣ ಹಚ್ಚಿದ್ದಳು. ದಾಳಿಂಬೆ ಕೆಂಪು, ಗಿಳಿ ಹಸಿರು, ಅರಿಶಿನ, ನೇರಳೆ, ಹೀಗೆ. ಪ್ರತಿ ಬಣ್ಣವೂ ಬೇರೆ ಲೇಯರ್‌ನಲ್ಲಿ, ಅಂದರೆ ಫೋಟೋ ಮೇಲೆ ಹಾಸಿದ ಬೇರೆ ಪದರದಲ್ಲಿ. ಲೇಯರ್‌ನ ಮೋಡ್ ಬಣ್ಣ ಮಾತ್ರ ಬದಲಿಸುವ Color ಅಂತ ಇಟ್ಟಿದ್ದರಿಂದ ನೆರಿಗೆಯ ನೆರಳು ಒಂದೂ ಅಳಿಸಿರಲಿಲ್ಲ. "ಅಜ್ಜಿಯ ಪೆಟ್ಟಿಗೆ ತುಂಬ ಸೀರೆ ಇದ್ದಿರಬೇಕು ಅಂತ ಅಂದುಕೊಂಡು ಮಾಡಿದೆ" ಅಂದಳು.

ಕೆಂಪು ಸೀರೆಯದ್ದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. "ಅಮ್ಮ ಆಗಲೇ ರಾಣಿ ಹಾಗೆ ಇದ್ರು" ಅಂತ ಮುಂಬೈಯ ಮಾವ ಬರೆದರು. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, "ಇದು ನಾನಲ್ಲ ಮಗಾ" ಅಂತ ಮೊಬೈಲ್ ತಿರುಗಿ ಕೊಟ್ಟುಬಿಟ್ಟರು. ಆ ರಾತ್ರಿ ಊಟಕ್ಕೂ ಬರಲಿಲ್ಲ.

ಅವಳ ಕೆಲಸವನ್ನು ಅಜ್ಜಿ ಮೆಚ್ಚಲಿಲ್ಲ ಅಂತ ಬೇಜಾರಾಗಿದೆ ಅಂತ ನಾನು ಮೊದಲು ಅಂದುಕೊಂಡಿದ್ದೆ. ಹಾಗಿರಲಿಲ್ಲ. "ನಾನು ಸುಳ್ಳು ಅಜ್ಜಿಯನ್ನು ಮಾಡಿದೆ ಅಲ್ವಾ?" ಅಂತ ಕೇಳಿದಳು.

ಅವಳಿಗೆ ಎರಡು ವಿಷಯ ಹೇಳಿದೆ. ಒಂದು, ಕಪ್ಪು-ಬಿಳುಪು ಫೋಟೋ ಹೇಳುವುದು ಬಟ್ಟೆ ಎಷ್ಟು ಗಾಢ ಅಂತ ಮಾತ್ರ. ಒಂದು ಕೆಂಪು, ಒಂದು ಹಸಿರು ಎರಡೂ ಒಂದೇ ಬೂದು ಬಣ್ಣವಾಗಿ ಬರಬಹುದು. ಹಾಗಾಗಿ ಅವಳು ಹಚ್ಚಿದ್ದು ಊಹೆ. ಊಹೆ ಮಾಡುವುದು ಸುಳ್ಳು ಹೇಳಿದ ಹಾಗಲ್ಲ. ಇನ್ನೊಂದು, ಚಿತ್ರಕ್ಕೆ ನೆನಪನ್ನು ತಿದ್ದುವ ಶಕ್ತಿ ಉಂಟು. 2002ರ ಒಂದು ಅಧ್ಯಯನದಲ್ಲಿ 20 ಜನರಿಗೆ ಅವರ ಬಾಲ್ಯದ ಫೋಟೋಗಳ ನಡುವೆ ಒಂದು ಕೃತಕ ಚಿತ್ರ ತೋರಿಸಿದರು. ಅದರಲ್ಲಿ ಅವರು ಬಿಸಿಗಾಳಿ ಬಲೂನಿನಲ್ಲಿ ಕೂತಿದ್ದರು. ಮೂರು ಸಲ ಮಾತಾಡಿಸುವಷ್ಟರಲ್ಲಿ 10 ಜನರಿಗೆ ಆ ಪ್ರಯಾಣ ಪೂರ್ತಿಯಾಗಿಯೋ ಸ್ವಲ್ಪವೋ "ನೆನಪಾಗಿತ್ತು". ಬಣ್ಣದ ಫೋಟೋ ಮೊದಲು ತೋರಿಸಿದರೆ ಅಜ್ಜಿಯ ನಿಜವಾದ ನೆನಪು ಅದರ ಅಡಿಗೆ ಹೋಗಬಹುದು.

ಅದಕ್ಕೇ ನನ್ನ ಸಲಹೆ ಹೀಗಿತ್ತು. ಬಣ್ಣದವನ್ನು ಸದ್ಯ ಯಾರಿಗೂ ತೋರಿಸಬೇಡ, ಆದರೆ ಅಳಿಸಬೇಡ. ಫೈಲಿಗೆ "ನನ್ನ ಕಲ್ಪನೆ" ಅಂತ ಹೆಸರಿಡು. ಮೂಲ ಫೋಟೋದ ದೊಡ್ಡ ಪ್ರಿಂಟ್ ಹಾಕಿಸು. ಸಂಜೆ ಕಾಫಿ ಆದ ಮೇಲೆ ಅಜ್ಜಿಯ ಪಕ್ಕ ಕೂತುಕೋ, ಇಪ್ಪತ್ತು ನಿಮಿಷ ಸಾಕು. "ಸೀರೆ ಯಾವ ಬಣ್ಣ?" ಅಂತ ಶುರು ಮಾಡಬೇಡ, ಅದು ಪರೀಕ್ಷೆ ಆಗ್ತದೆ. "ಅವತ್ತು ಎಲ್ಲಿಗೆ ಹೊರಟಿದ್ರಿ?" ಅಂತ ಕೇಳು. ಅಜ್ಜಿ ಫೋಟೋ ಮಗುಚಿ ಇಟ್ಟರೆ ಅಲ್ಲಿಗೇ ಬಿಡು. ಇವತ್ತು ಒಂದು, ನಾಳೆ ಒಂದು ಹೇಳಿದರೆ ಎರಡನ್ನೂ ಬರೆದುಕೋ, ತಿದ್ದಬೇಡ. ತಾಯಿಗೆ ಬೇರೆಯಾಗಿ ಹೇಳಿದೆ: ಅಜ್ಜಿ ಊಟ, ನಿದ್ದೆ ಬಿಟ್ಟು ದಿನಗಟ್ಟಲೆ ಮಂಕಾಗಿದ್ದರೆ ಫೋಟೋ ವಿಷಯ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ.

ಮೊದಲ ಸಂಜೆ ಅಜ್ಜಿ ಹೇಳಿದ್ದು ಒಂದೇ ಮಾತು: "ಸೀರೆ ನಂದಲ್ಲ, ಅಕ್ಕನದ್ದು." ಗಂಡಿನ ಕಡೆಯವರಿಗೆ ಕಳಿಸಲು ತೆಗೆಸಿದ ಫೋಟೋ ಅದು. ಸ್ಟುಡಿಯೋದಿಂದ ಬಂದ ಕೂಡಲೇ ಸೀರೆ ಮಡಚಿ ವಾಪಸ್ ಕೊಟ್ಟಿದ್ದರು. ಕಲೆ ಆದೀತು ಅಂತ ದಾರಿಯಲ್ಲಿ ನೀರೂ ಕುಡಿದಿರಲಿಲ್ಲ. "ರಾಣಿ" ಅನ್ನುವ ಮಾತು ಚುಚ್ಚಿದ್ದು ಅಲ್ಲಿ.

ಮೂರನೇ ಸಲ ಹಳೇ ಸೀರೆಗಳ ತುಂಡುಗಳನ್ನು ಕೈಗೆ ಕೊಡಲು ಹೇಳಿದೆ. ಕೆಲವರಿಗೆ ಕಣ್ಣಿಗಿಂತ ಬೆರಳಿಗೆ ನೆನಪು ಜಾಸ್ತಿ. ಅಜ್ಜಿ ಒಂದನ್ನು ಉಜ್ಜಿ ನೋಡಿ, "ಇಂಥದೇ ಭಾರ ಇತ್ತು" ಅಂದರು. ಬಣ್ಣ ಮಾತ್ರ ನೆನಪಾಗಲಿಲ್ಲ. ತಲೆಯ ಮಲ್ಲಿಗೆ ಅಂಗಳದ್ದು, ಬಾಳೆನಾರಿನಲ್ಲಿ ಕಟ್ಟಿದ್ದು. ಬಳೆ ಹಸಿರು ಗಾಜಿನವು, ಅವು ಮಾತ್ರ ಸ್ವಂತದ್ದು.

ಹುಡುಗಿ ಮೂಲ ಫೋಟೋದ ಹೊಸ ಪ್ರತಿಯಲ್ಲಿ ಬಳೆಗೆ ಹಸಿರು ಹಚ್ಚಿದಳು. ಸೀರೆಯನ್ನು ಬೂದು ಬಣ್ಣದಲ್ಲೇ ಬಿಟ್ಟಳು. ಫೈಲಿನ ಹೆಸರು "ಅಜ್ಜಿ ಹೇಳಿದ್ದು".

ಪೆಟ್ಟಿಗೆಯ ಕಥೆಯೂ ಹೊರಬಂತು. ಅಜ್ಜಿಗೆ ಇದ್ದದ್ದು ಎರಡೇ ಹತ್ತಿ ಸೀರೆ, ಒಂದು ನಶ್ಯದ ಬಣ್ಣದ್ದು, ಇನ್ನೊಂದು ನೀಲಿ ಚೌಕುಳಿಯದ್ದು. ಒಂದು ಮೈಮೇಲೆ, ಒಂದು ಒಣಗಿಸುವ ಬಳ್ಳಿ ಮೇಲೆ. ಹುಡುಗಿ ಅವೆರಡನ್ನೂ ಕಾಗದದ ಮೇಲೆ ಬಿಡಿಸಿಕೊಂಡು ಹೋದಳು. ಅಜ್ಜಿ ಕನ್ನಡಕ ಹಾಕಿ, ತುಂಬ ಹೊತ್ತು ನೋಡಿದರಂತೆ.

"ಚೌಕುಳಿ ಇನ್ನೂ ಸಣ್ಣದು ಮಗಾ. ಪೆನ್ಸಿಲ್ ಕೊಡು ಇಲ್ಲಿ."